ಏನೂ ತ್ರಾಸ ಇಲ್ಲಂದ್ರೂ ಕ್ಲಮೈಡಿಯಾ, ಗೊನೊರಿಯಾ ಟೆಸ್ಟ್ ಯಾರು ಮಾಡಿಸ್ಬೇಕು, ಹೆಂಗ ಮಾಡಿಸ್ಬೇಕು

ನಾನು ವಿಜಯಪುರದಾಗ ಲ್ಯಾಬ್ ಕೆಲ್ಸ ಮಾಡಾಂವ. ಕೌಂಟರ್ ಮುಂದ ನಿಂತು ದನಿ ಸಣ್ಣದು ಮಾಡಿ ಮಂದಿ ಕೇಳೋದು ಒಂದ ಟೆಸ್ಟು, ಎಚ್ಐವಿ. ಅದು ನೆಗೆಟಿವ್ ಬಂತಂದ್ರ ಎಲ್ಲಾ ಕ್ಲಿಯರ್ ಅಂತ ತಿಳ್ಕೊಂಡು ರಿಪೋರ್ಟ್ ಮಡಚಿ ಕಿಸೆದಾಗ ಇಟ್ಕೊಂಡು ಹೋಗಿಬಿಡ್ತಾರ. ಆದ್ರ ಎಚ್ಐವಿ ಟೆಸ್ಟ್ ಎಚ್ಐವಿ ಅಷ್ಟ ನೋಡ್ತೈತಿ, ವಿಡಿಆರ್‌ಎಲ್ ಅನ್ನೋ ರಕ್ತದ ಟೆಸ್ಟ್ ಸಿಫಿಲಿಸ್ ಅನ್ನೋ ಲೈಂಗಿಕ ರೋಗ ಅಷ್ಟ ನೋಡ್ತೈತಿ. ಕ್ಲಮೈಡಿಯಾ ಮತ್ತ ಗೊನೊರಿಯಾ ಅನ್ನೋ, ಲೈಂಗಿಕ ಸಂಬಂಧದಿಂದ ಹತ್ತೋ ಎರಡು ಬ್ಯಾಕ್ಟೀರಿಯಾ ರೋಗ ಇವೆರಡರಾಗೂ ಕಾಣಂಗಿಲ್ಲ, ಮ್ಯಾಲಿಂದ ಬಹಳಷ್ಟು ಮಂದಿಗೆ ಮೈಯಾಗೂ ಏನೂ ಗೊತ್ತಾಗಂಗಿಲ್ಲ. ಅದಕ್ಕ ಯಾರಿಗೆ ಈ ಟೆಸ್ಟ್ ಬೇಕು, ಯಾವ ಹೆಸರು ಹೇಳಿ ಕೇಳ್ಬೇಕು, ಸ್ಯಾಂಪಲ್ ಹೆಂಗ ಕೊಡ್ಬೇಕು, ರಿಪೋರ್ಟ್ ಬಂದ ಮ್ಯಾಲೆ ಏನು ಅಂತ ಒಂದೊಂದಾಗಿ ಬರ್ದೀನಿ, ಸ್ವಲ್ಪ ಉದ್ದ ಐತಿ, ಪುರುಸೊತ್ತಾಗಿ ಓದ್ರಿ.

ತ್ರಾಸ ಯಾಕ ಗೊತ್ತಾಗಂಗಿಲ್ಲ

ಗಂಡಸರಿಗೆ ಗೊನೊರಿಯಾ ಮೂತ್ರದ ದಾರಿಯೊಳಗ ತಗುಲಿದ್ರ ಹೆಚ್ಚಿನವ್ರಿಗೆ ಎರಡರಿಂದ ಐದು ದಿನದಾಗ ಉರಿ ಶುರುವಾಗಿ ಹಳದಿ ಕೀವು ಬರ್ತೈತಿ, ಚಡ್ಡಿಗೆ ಕಲೆ ಆಗ್ತೈತಿ, ಅದನ್ನ ಮುಚ್ಚಿಡಾಕ ಆಗಂಗಿಲ್ಲ. ಕ್ಲಮೈಡಿಯಾ ಹಂಗಲ್ಲ. ಅದು ಜೀವಕೋಶದ ಒಳಗ ಹೊಕ್ಕು ಕುಂತು ಬೆಳಿಯೋ ಬ್ಯಾಕ್ಟೀರಿಯಾ, ಗದ್ದಲ ಮಾಡಂಗಿಲ್ಲ, ಸುಮಾರು ಅರ್ಧದಷ್ಟು ಗಂಡಸರಿಗೆ ಏನೂ ಅನಸಂಗಿಲ್ಲ, ಅನಿಸಿದ್ರೂ ಮುಂಜಾನೆ ಒಂಚೂರು ಅಂಟು ಅಂಟು ಆಗೋದು, ಸ್ವಲ್ಪ ಚುರು ಚುರು ಅನ್ನೋದು ಅಷ್ಟ. ಅದನ್ನ ಬ್ಯಾಸಗಿ ಉಷ್ಣ ಅಂತ ಹೇಳಿ ಎಳನೀರು ಕುಡದು ಬಿಟ್ಟಬಿಡ್ತಾರ.

ಹೆಣ್ಮಕ್ಕಳ ವಿಷಯ ಇನ್ನೂ ಕಷ್ಟ ಐತಿ. ರೋಗ ಮೊದ್ಲು ಕೂಡೋದು ಗರ್ಭಕೋಶದ ಬಾಯಿ ಹತ್ರ. ಆ ಜಾಗಕ್ಕ ನೋವು ಅಷ್ಟಾಗಿ ತಿಳಿಯಂಗಿಲ್ಲ, ಕಣ್ಣಿಗಂತೂ ಕಾಣಂಗೇ ಇಲ್ಲ. ಕ್ಲಮೈಡಿಯಾ ಇದ್ದ ಹತ್ತು ಹೆಣ್ಮಕ್ಕಳಾಗ ಸುಮಾರು ಏಳು ಮಂದಿಗೆ ಏನೂ ಲಕ್ಷಣ ಇರಂಗಿಲ್ಲ, ಗೊನೊರಿಯಾ ಇದ್ದವ್ರಾಗೂ ಅರ್ಧಕ್ಕರ್ಧ ಮಂದಿಗೆ ಇರಂಗಿಲ್ಲ. ಬಿಳಿ ಹೋಗೋದು ಅಂತೂ ನಮ್ಮ ಕಡೆ ಹೆಂಗಸರು ಭಾಳ ಹೇಳೋ ತ್ರಾಸ, ಆದ್ರ ಅದಕ್ಕ ಬ್ಯಾರೆ ಕಾರಣನ ಹೆಚ್ಚು, ಬಿಳಿ ಹೋಗ್ತೈತಿ ಅಂದ್ರ ಈ ರೋಗ ಐತಿ ಅಂತಲ್ಲ, ಹೋಗವಲ್ದು ಅಂದ್ರ ಇಲ್ಲ ಅಂತಾನೂ ಅಲ್ಲ. ಗಂಟಲ ಮತ್ತ ಗುದದ್ವಾರದಾಗ ತಗುಲಿದ್ರ ಗಂಡಸು ಹೆಂಗಸು ಇಬ್ಬರಿಗೂ ಬಹುತೇಕ ಗೊತ್ತಾಗಂಗಿಲ್ಲ.

ಸುಮ್ನ ಕುಂತ ರೋಗ ಸುಮ್ನ ಇರ್ತೈತಿ ಅಂತ ಅನ್ಕೋಬ್ಯಾಡ್ರಿ. ಔಷಧ ಇಲ್ದ ಬಿಟ್ರ ಅದು ಗರ್ಭಕೋಶ ದಾಟಿ ಅಂಡ ಬರೋ ಟ್ಯೂಬ್ ತನಕ ಏರಬಹುದು. ಔಷಧ ಆಗದ ಕ್ಲಮೈಡಿಯಾ ಇದ್ದ ಹೆಣ್ಮಕ್ಕಳಾಗ ನೂರಕ್ಕ ಹತ್ತು ಹದಿನೈದು ಮಂದಿಗೆ ಹಿಂಗ ಆಗ್ತೈತಿ ಅಂತ ಲೆಕ್ಕ ಐತಿ, ಅದರಾಗೂ ಕೆಲವ್ರಿಗೆ ಕೆಳ ಹೊಟ್ಟಿ ನೋವು ಸುತಾ ಬರಂಗಿಲ್ಲ. ಒಳಗ ಟ್ಯೂಬ್ ಊದಿ, ಮಾಯ್ದು, ಕಲೆಗಟ್ಟಿ ಅಂಟ್ಕೊಂಡಬಿಡ್ತೈತಿ. ಮುಂದ ಮಕ್ಕಳಾಗಲಿಲ್ಲ ಅಂತ ಹೋದಾಗ ಟ್ಯೂಬ್ ಬ್ಲಾಕ್ ಅಂತ ಹೇಳ್ತಾರಲ್ಲ, ಅದರ ಹಿಂದ ಒಂದು ಕಾರಣ ಇದು (ಟಿಬಿ ಇನ್ನೊಂದು). ಇಲ್ಲಾ ಗರ್ಭ ಟ್ಯೂಬ್‌ನ್ಯಾಗ ನಿಂತು ಜೀವಕ್ಕ ಬರ್ತೈತಿ. ಔಷಧ ತೊಗೊಂಡ್ರ ಬ್ಯಾಕ್ಟೀರಿಯಾ ಸಾಯ್ತೈತಿ, ಆಗಲೇ ಆದ ಕಲೆ ಹೋಗಂಗಿಲ್ಲ, ತ್ರಾಸ ಬರೋ ಮೊದಲ ಟೆಸ್ಟ್ ಮಾಡಿಸ್ರಿ ಅನ್ನೋದು ಅದಕ್ಕ.

ಮೊದಲನೇ ಹೆಜ್ಜಿ: ನಿಮಗ ಬೇಕೋ ಬ್ಯಾಡೋ ಅಂತ ತೀರ್ಮಾನ ಮಾಡ್ರಿ

ನಮ್ಮ ದೇಶದಾಗ ಈ ಎರಡಕ್ಕ ಎಲ್ಲಾರನೂ ಕರದು ಟೆಸ್ಟ್ ಮಾಡೋ ಪದ್ಧತಿ ಇಲ್ಲ. ಜಿಲ್ಲಾ ಆಸ್ಪತ್ರಿಯೊಳಗ ಸುರಕ್ಷಾ ಕ್ಲಿನಿಕ್ ಅಂತ ಇರ್ತೈತಿ, ಲೈಂಗಿಕ ರೋಗಕ್ಕ ಫ್ರೀ ಔಷಧ ಕೊಡ್ತಾರ, ಒಳ್ಳೆ ವ್ಯವಸ್ಥೆನ, ಆದ್ರ ಅಲ್ಲಿ ನಡಿಯೋದು ಲಕ್ಷಣ ನೋಡಿ ಔಷಧ ಕೊಡೋ ಲೆಕ್ಕ. ಕೀವು ಬರ್ತೈತಿ ಅಂದ್ರ ಬೂದು ಬಣ್ಣದ ಕಿಟ್ ಕೊಡ್ತಾರ, ಅದರಾಗ ಒಂದ ಸಲಕ್ಕ ತೊಗೊಳ್ಳೋ ಅಜಿಥ್ರೊಮೈಸಿನ್ 1 ಗ್ರಾಂ ಮತ್ತ ಸೆಫಿಕ್ಸಿಮ್ 400 ಮಿಲಿಗ್ರಾಂ ಇರ್ತಾವ. ಲಕ್ಷಣನ ಇಲ್ದಾಕಿ ಅಲ್ಲಿಗೆ ಹೋಗೋದ್ಯಾಕ? ಹೋಗಂಗಿಲ್ಲ. ಬಸುರಿ ಇದ್ದಾಗ ಮಾಡೋ ರಕ್ತ ಪರೀಕ್ಷೆದಾಗೂ ಎಚ್ಐವಿ, ಸಿಫಿಲಿಸ್ ಇರ್ತಾವ, ಕ್ಲಮೈಡಿಯಾ, ಗೊನೊರಿಯಾ ಇರಂಗಿಲ್ಲ. ಹಿಂಗಾಗಿ ಕೇಳ್ಕೊಂಡು ಹೋಗೋದು ನಿಮ್ಮ ಮ್ಯಾಲೇನ ಬೀಳ್ತೈತಿ, ಮತ್ತ ಮೈಯಾಗ ಏನರ ಆಗೇತೇನು ಅಂತ ನೋಡ್ಕೊಂಡು ಕುಂದ್ರಬ್ಯಾಡ್ರಿ, ಹಿಂದ ಏನು ನಡದೈತಿ ಅನ್ನೋದನ್ನ ನೋಡ್ರಿ.

ಕಾಂಡೋಮ್ ಇಲ್ದ ಸಂಬಂಧ ಆಗಿ, ಎದುರಿನವ್ರಿಗೆ ಇನ್ನೊಬ್ಬರ ಜೊತಿ ಸಂಬಂಧ ಐತೋ ಇಲ್ಲೋ ಅಂತ ನಿಮಗ ಖಾತ್ರಿ ಇಲ್ಲಂದ್ರ ಟೆಸ್ಟ್ ಮಾಡಿಸ್ರಿ. ಹೊಸ ಸಂಗಾತಿ, ಒಬ್ಬರಕಿಂತ ಹೆಚ್ಚು ಸಂಗಾತಿ, ಸಂಗಾತಿಗೆ ಇಂಥಾ ರೋಗ ಆಗಿತ್ತು ಅಂತ ತಿಳದದ್ದು, ಹಿಂದೊಮ್ಮೆ ನಿಮಗ ಸಿಫಿಲಿಸ್ ಅಥವಾ ಎಚ್ಐವಿ ಬಂದದ್ದು, ಇವೆಲ್ಲಾ ಕಾರಣನ. 25 ವರ್ಷದ ಒಳಗಿನ ಹೆಣ್ಮಕ್ಕಳಿಗೆ ಅಮೆರಿಕದಂಥಾ ದೇಶದಾಗ ಸಂಬಂಧ ಶುರುವಾದ ಮ್ಯಾಲೆ ವರ್ಷಕ್ಕೊಮ್ಮೆ ಮಾಡಸ್ರಿ ಅಂತ ಹೇಳ್ತಾರ, ಯಾಕಂದ್ರ ಸಣ್ಣ ವಯಸ್ಸಿನಾಗ ಗರ್ಭಕೋಶದ ಬಾಯಿಗೆ ಇದು ಲಗೂನ ಹತ್ತತೈತಿ. ಗಂಡಸರ ಜೊತಿ ಸಂಬಂಧ ಇರೋ ಗಂಡಸರು ವರ್ಷಕ್ಕೊಮ್ಮೆ ಅಂತೂ ಮಾಡಿಸ್ಬೇಕು, ಸಂಗಾತಿಗಳು ಬದಲಾಗ್ತಿದ್ರ ಮೂರರಿಂದ ಆರು ತಿಂಗಳಿಗೊಮ್ಮೆ. ದುಡ್ಡಿಗೆ ಲೈಂಗಿಕ ಕೆಲ್ಸ ಮಾಡೋ ಹೆಣ್ಮಕ್ಕಳಿಗೂ ಹಂಗ ಪದೇ ಪದೇ ಬೇಕು.

ಇನ್ನ ನಮ್ಮ ಕಡೆ ಯಾರೂ ಹೆಸರು ಎತ್ತದ ಗುಂಪು ಒಂದೈತಿ. ಗಂಡ ಗೋವಾಕ್ಕೋ ಪುಣೆಕ್ಕೋ ರತ್ನಾಗಿರಿಗೋ ದುಡಿಯಾಕ ಹೋಗಿರ್ತಾನ, ಇಲ್ಲಾ ಲಾರಿ ಮ್ಯಾಲೆ ಇರ್ತಾನ, ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಊರಿಗೆ ಬರ್ತಾನ. ಹೆಂಡ್ತಿ ಊರಾಗ ಅತ್ತಿ ಮಾವನ ಜೊತಿ. ಆಕಿ ಏನೂ ಮಾಡಿಲ್ಲ ಅಂತ ಆಕಿಗೂ ಗೊತ್ತು, ಡಾಕ್ಟರಿಗೂ ಗೊತ್ತು, ಅದಕ್ಕ ಆಕಿನ ಯಾರೂ ಕೇಳಂಗಿಲ್ಲ. ಹೊರಗ ದುಡಿಯಾಕ ಹೋದವ್ರೆಲ್ಲಾ ಹಂಗ ಅಂತ ನಾನು ಹೇಳವಲ್ಲೆ, ಅದು ತಪ್ಪು. ಆದ್ರ ಗಂಡಗ ಒಮ್ಮೆ ಉರಿ, ಕೀವು ಆಗಿ ಗುಳಿಗಿ ತೊಗೊಂಡಿದ್ದ ಅಂತ ಗೊತ್ತಿದ್ರ ಆ ಹೆಂಡ್ತಿಗೆ ಟೆಸ್ಟ್ ಬೇಕ ಬೇಕು, ಬಸುರಿ ಇದ್ರಂತೂ ತಡಾ ಮಾಡಬಾರ್ದು.

ಮೊದಲಿಂದ್ಲೂ ಇಬ್ಬರೂ ಒಬ್ಬರಿಗೊಬ್ಬರ ಇದ್ದು, ಬ್ಯಾರೆ ಸಂಬಂಧ ಯಾವ್ದೂ ಇಲ್ಲಂದ್ರ ಈ ಟೆಸ್ಟಿಗೆ ದುಡ್ಡು ಹಾಕೋದು ಬ್ಯಾಡ. ಸಂಡಾಸ ಸೀಟಿನಿಂದ, ಟವೆಲ್‌ನಿಂದ, ಕೆರಿ ಬಾವ್ಯಾಗ ಈಜೋದ್ರಿಂದ ಬರೋ ರೋಗ ಅಲ್ಲ ಇದು.

ಎರಡನೇ ಹೆಜ್ಜಿ: ಟೆಸ್ಟಿನ ಹೆಸರು ಸರಿ ಹೇಳ್ರಿ

ಎಸ್‌ಟಿಡಿ ಟೆಸ್ಟ್ ಮಾಡ್ರಿ ಅಂತ ಕೇಳಿದ್ರ ಹೆಚ್ಚಿನ ಲ್ಯಾಬ್‌ನ್ಯಾಗ ರಕ್ತ ತೆಗೆದು ಎಚ್ಐವಿ, ವಿಡಿಆರ್‌ಎಲ್, ಹೆಪಟೈಟಿಸ್ ಬಿ ಮಾಡಿ ಕಳಸ್ತಾರ. ನಿಮಗ ಬೇಕಾದದ್ದು ಕ್ಲಮೈಡಿಯಾ ಗೊನೊರಿಯಾ ಪಿಸಿಆರ್, ಬುಕ್ ಮಾಡೋ ಲಿಸ್ಟ್‌ನ್ಯಾಗ CT/NG PCR ಅಂತ ಇರ್ತೈತಿ. ಟಿಬಿಗೆ ಮಾಡೋ ಸಿಬಿನಾಟ್ ಕೇಳಿರ್ತೀರಿ, ಇದೂ ಅದೇ ಜಾತಿ ಟೆಸ್ಟು, ಬ್ಯಾಕ್ಟೀರಿಯಾದ ಡಿಎನ್‌ಎ ಹುಡಕ್ತೈತಿ, ಜೀವ ಇರೋ ಬ್ಯಾಕ್ಟೀರಿಯಾನ ಬೆಳಿಸಿ ನೋಡೋ ಗೋಜಿಲ್ಲ. ಸಣ್ಣ ಊರಿನ ಲ್ಯಾಬ್‌ಗಳು ಸ್ಯಾಂಪಲ್ ತೊಗೊಂಡು ದೊಡ್ಡ ಲ್ಯಾಬಿಗೆ ಕಳಸ್ತಾವ, ರಿಪೋರ್ಟಿಗೆ ಕೆಲವು ದಿನ ಹಿಡಿತೈತಿ, ರೇಟ್ ಲ್ಯಾಬಿಂದ ಲ್ಯಾಬಿಗೆ ಭಾಳ ಫರಕ್ ಇರ್ತೈತಿ, ಎರಡು ಮೂರು ಕಡೆ ಫೋನ್ ಮಾಡಿ ಕೇಳ್ರಿ.

ಎರಡು ಕಡೆ ಮೋಸ ಹೋಗಬ್ಯಾಡ್ರಿ. ಒಂದು, ರಕ್ತದಾಗ ಕ್ಲಮೈಡಿಯಾ ಐಜಿಜಿ ಐಜಿಎಂ ಅಂತ ಟೆಸ್ಟ್ ಸಿಗ್ತೈತಿ, ಅದು ಯಾವತ್ತೋ ಬಂದು ಹೋಗಿದ್ರೂ ಪಾಸಿಟಿವ್ ತೋರಸ್ತೈತಿ, ಈಗ ರೋಗ ಐತೋ ಇಲ್ಲೋ ಹೇಳಂಗಿಲ್ಲ, ಬ್ಯಾಡ. ಇನ್ನೊಂದು, ಯೂರಿನ್ ಕಲ್ಚರ್, ಅಂದ್ರ ಮೂತ್ರದಾಗಿನ ಬ್ಯಾಕ್ಟೀರಿಯಾ ಬೆಳಿಸಿ ನೋಡೋ ಟೆಸ್ಟ್. ಡಾಕ್ಟರ್ ಬರೆದ ಯೂರಿನ್ ಕಲ್ಚರ್ ನಾರ್ಮಲ್ ಬಂದೈತಿ ಅಂತ ನೆಮ್ಮದಿ ಆಗೋವ್ರು ಭಾಳ ಮಂದಿ, ಆ ಕಲ್ಚರ್‌ನ್ಯಾಗ ಕ್ಲಮೈಡಿಯಾ ಬೆಳಿಯಾಂಗೇ ಇಲ್ಲ, ಅದಕ್ಕ ಜೀವಕೋಶನ ಬೇಕು.

ಮೂರನೇ ಹೆಜ್ಜಿ: ಯಾವಾಗ, ಹೆಂಗ ಸ್ಯಾಂಪಲ್ ಕೊಡೋದು

ಸಂಬಂಧ ಆದ ಮರುದಿನ ಓಡಿ ಬಂದ್ರ ಉಪಯೋಗ ಇಲ್ಲ, ಬ್ಯಾಕ್ಟೀರಿಯಾ ಇನ್ನೂ ಟೆಸ್ಟಿಗೆ ಸಿಗೋವಷ್ಟು ಆಗಿರಂಗಿಲ್ಲ. ಎರಡು ವಾರ ಬಿಟ್ಟು ಬರ್ರಿ. ನಡುವ ಉರಿ, ಕೀವು, ಹೊಟ್ಟಿ ನೋವು ಶುರುವಾದ್ರ ಮಾತ್ರ ಕಾಯಬ್ಯಾಡ್ರಿ, ಅವತ್ತ ಡಾಕ್ಟರಿಗೆ ತೋರಸ್ರಿ. ಯಾವ್ದರ ಆಂಟಿಬಯಾಟಿಕ್ ನುಂಗಿದ್ರ, ಹಲ್ಲಿಗಾಗ್ಲಿ ಕೆಮ್ಮಿಗಾಗ್ಲಿ, ಮುಚ್ಚಿಡದ ಹೇಳ್ರಿ, ಅದರಿಂದ ಇದ್ದ ರೋಗ ಇಲ್ಲ ಅಂತ ಬರಬಹುದು.

ಗಂಡಸರಿಗೆ ಮೂತ್ರನ ಸಾಕು, ಆದ್ರ ಇಲ್ಲೇ ಹೆಚ್ಚಿನವ್ರು ಎಡವೋದು. ನಾವು ಮಾಮೂಲಿ ಯೂರಿನ್ ಟೆಸ್ಟಿಗೆ ಮೊದಲಿನದು ಬಿಟ್ಟು ನಡುವಿನದು ಹಿಡೀರಿ ಅಂತ ಹೇಳಿ ಹೇಳಿ ಎಲ್ಲಾರಿಗೂ ರೂಢಿ ಆಗೇತಿ. ಇದಕ್ಕ ಪೂರಾ ಉಲ್ಟಾ. ಕಡಿಮಿ ಅಂದ್ರ ಒಂದು ತಾಸು, ಎರಡು ತಾಸಾದ್ರ ಇನ್ನೂ ಚಲೋ, ಮೂತ್ರಕ್ಕ ಹೋಗಿರಬಾರ್ದು. ತೊಳ್ಕೊಳ್ಳದ, ಒರೆಸಿಕೊಳ್ಳದ, ಮೊಟ್ಟಮೊದ್ಲ ಹೊರಗ ಬರೋ ಧಾರೀನ ಡಬ್ಬ್ಯಾಗ ಹಿಡೀಬೇಕು, 20ರಿಂದ 30 ಎಂಎಲ್ ಸಾಕು, ಅಂದ್ರ ಸಣ್ಣ ಡಬ್ಬಿ ಅರ್ಧ ಆದ ಕೂಡ್ಲೆ ನಿಲ್ಲಿಸಿ ಉಳಿದದ್ದು ಸಂಡಾಸಕ್ಕ ಬಿಡ್ರಿ. ಮೂತ್ರದ ದಾರಿಯ ಗ್ವಾಡಿಗೆ ಹತ್ತಿದ್ದ ಜೀವಕೋಶ ಆ ಮೊದಲ ಧಾರಿ ಜೊತಿ ತೊಳಕೊಂಡು ಬರ್ತಾವ, ಡಬ್ಬಿ ತುಂಬಿಸಿದ್ರ ಅವು ನೀರಾಗಿ ತೆಳ್ಳಗಾಗಿ ಟೆಸ್ಟಿಗೆ ಸಿಗದ ಹೋಗಬಹುದು. ಪೂರ್ತಿ ತುಂಬಿದ ಡಬ್ಬಿ ಕೊಟ್ಟು ಭಾಳ ಕೊಟ್ಟೀನ್ರಿ ಅಂತ ಹೇಳೋವ್ರನ್ನ ನಾವು ಹೊಳ್ಳಿ ಕಳಿಸ್ತೀವಿ, ಸಿಟ್ಟಾಗಬ್ಯಾಡ್ರಿ.

ಹೆಣ್ಮಕ್ಕಳಿಗೆ ಮೂತ್ರಕಿಂತ ಯೋನಿಯ ಸ್ವ್ಯಾಬ್ ಚಲೋ, ಮೂತ್ರದಾಗ ಕೆಲವು ಕೇಸ್ ತಪ್ಪಿಸಿಕೊಳ್ತಾವ. ಸ್ವ್ಯಾಬ್ ಅಂದ ಕೂಡ್ಲೆ ಡಾಕ್ಟರ್ ಮುಂದ ಮಲಗಬೇಕೇನೋ ಅಂತ ಅಂಜ್ತಾರ, ಬೇಕಾಗಿಲ್ಲ, ತಾವ ಬಾತ್‌ರೂಮಿಗೆ ಹೋಗಿ ತೊಗೊಳ್ಳಬಹುದು, ರಿಸಲ್ಟ್ ಡಾಕ್ಟರ್ ತೆಗೆದಷ್ಟ ಸರಿ ಬರ್ತೈತಿ. ಕೈ ತೊಳ್ಕೊಂಡು ಕಿಟ್ ಒಡೀರಿ, ಉದ್ದನ ಕಡ್ಡಿ ತುದಿ ಎಲ್ಲೂ ತಾಗಿಸಬ್ಯಾಡ್ರಿ. ಸುಮಾರು ಎರಡು ಇಂಚು ಒಳಗ ಹೋಗ್ಬೇಕು, ಒಳಗಿನ ಗ್ವಾಡಿಗೆ ತಾಗೋಹಂಗ ಹತ್ತರಿಂದ ಮೂವತ್ತು ಸೆಕೆಂಡ್ ನಿಧಾನ ತಿರುವ್ರಿ, ತೆಗೆದು ಸೀದಾ ಟ್ಯೂಬ್‌ನ್ಯಾಗಿನ ನೀರಿನಂಥಾ ದ್ರವದೊಳಗ ಇಟ್ಟು, ಕಡ್ಡಿ ಮ್ಯಾಲಿನ ಗೆರಿ ಇದ್ದಲ್ಲಿ ಲಟ್ಟನ ಮುರದು ಮುಚ್ಚಳ ಬಿಗಿ ಹಾಕ್ರಿ. ಆ ದ್ರವ ಚೆಲ್ಲಿದ್ರ ಹೊಸ ಕಿಟ್ ಕೇಳ್ರಿ, ನಲ್ಲಿ ನೀರು ತುಂಬಿ ತರಬ್ಯಾಡ್ರಿ. ಸ್ವ್ಯಾಬ್ ಬ್ಯಾಡ ಅನ್ನೋವ್ರು ಮೂತ್ರ ಕೊಡಬಹುದು, ಇಲ್ಲದ್ದಕಿಂತ ಅದು ಎಷ್ಟೋ ವಾಸಿ.

ಬಾಯಿಂದ ಅಥವಾ ಗುದದಿಂದ ಸಂಬಂಧ ಆಗಿದ್ರ ಆ ಜಾಗದ ಸ್ವ್ಯಾಬ್ ಬ್ಯಾರೆ ಕೊಡಬೇಕು. ಮೂತ್ರ ನೆಗೆಟಿವ್ ಬಂದು ಗುದದ್ದು ಪಾಸಿಟಿವ್ ಇರೋದು ಉಂಟು. ಹೇಳಾಕ ನಾಚಿಕಿ ಆದ್ರ ಎಲ್ಲೆಲ್ಲಿಂದ ಸ್ಯಾಂಪಲ್ ಬೇಕು ಅಂತ ಅಷ್ಟ ಚೀಟ್ಯಾಗ ಬರದು ಕೊಡ್ರಿ.

ನಾಲ್ಕನೇ ಹೆಜ್ಜಿ: ರಿಪೋರ್ಟ್ ಓದೋದು

ರಿಪೋರ್ಟಿನ್ಯಾಗ Detected ಅಂದ್ರ ಐತಿ, Not detected ಅಂದ್ರ ಆ ಜಾಗದಾಗ ಸಿಗಲಿಲ್ಲ. Invalid ಅಂತ ಬಂದ್ರ ಸ್ಯಾಂಪಲ್ ಸರಿ ಇರಲಿಲ್ಲ, ಇನ್ನೊಮ್ಮೆ ಕೊಡ್ರಿ, ಅದನ್ನ ನೆಗೆಟಿವ್ ಅಂತ ಓದಬ್ಯಾಡ್ರಿ.

ಮನ್ಯಾಗ ಜಗಳ ಹಚ್ಚೋ ವಿಷಯ ಇಲ್ಲೇ ಐತಿ. ಪಾಸಿಟಿವ್ ಬಂದದ್ದು ಯಾವಾಗ ಬಂತು, ಯಾರಿಂದ ಬಂತು ಅಂತ ಈ ಟೆಸ್ಟ್ ಹೇಳಂಗಿಲ್ಲ. ಕ್ಲಮೈಡಿಯಾ ಲಕ್ಷಣ ಇಲ್ದ ವರ್ಷಗಟ್ಟಲೆ ಇರಬಹುದು, ಲಗ್ನಕಿಂತ ಮೊದಲಿಂದೂ ಆಗಿರಬಹುದು. ಇಬ್ಬರಾಗ ಒಬ್ಬರದು ಪಾಸಿಟಿವ್, ಇನ್ನೊಬ್ಬರದು ನೆಗೆಟಿವ್ ಬಂದ್ರೂ ಪಾಸಿಟಿವ್ ಬಂದವ್ರ ಹೊರಗಿಂದ ತಂದಾರ ಅಂತ ಹೇಳಾಕ ಬರಂಗಿಲ್ಲ, ಇನ್ನೊಬ್ಬರಿಗೆ ತಾನಾಗೇ ಹೋಗಿರಬಹುದು, ಯಾವ್ದೋ ಆಂಟಿಬಯಾಟಿಕ್‌ನಿಂದ ಹೋಗಿರಬಹುದು. ರಿಪೋರ್ಟ್ ಹಿಡ್ಕೊಂಡು ಹೆಂಡ್ತೀನ ತವರಿಗೆ ಕಳಸೋವ್ರು ಇದನ್ನ ಓದ್ಲಿ.

ಐದನೇ ಹೆಜ್ಜಿ: ಔಷಧ, ಸಂಗಾತಿ, ಮತ್ತ ಟೆಸ್ಟು

ಇದನ್ನ ಒಂದು ಉದಾಹರಣೆ ಹಿಡ್ಕೊಂಡು ಹೇಳಿದ್ರ ಲಗೂ ತಿಳೀತೈತಿ. ಜಮಖಂಡಿ ಕಡೆಯಾಂವ, ಗೋವಾದಾಗ ಸೆಂಟ್ರಿಂಗ್ ಕೆಲ್ಸ ಅಂತ ಇಟ್ಕೊಳ್ರಿ. ಫೆಬ್ರವರಿಯೊಳಗ ಅಲ್ಲಿ ಒಂದು ಸಂಬಂಧ ಆತು, ನಾಕನೇ ದಿನಕ್ಕ ಉರಿ, ಕೀವು. ಮೆಡಿಕಲ್ ಶಾಪಿನಾಂವ ಸಿಪ್ರೊಫ್ಲಾಕ್ಸಸಿನ್ ಐದು ದಿನದ್ದು ಕೊಟ್ಟ. ನಮ್ಮ ದೇಶದ ಗೊನೊರಿಯಾಕ್ಕ ಆ ಗುಳಿಗಿ ಈಗ ಬಹುತೇಕ ಕೆಲ್ಸ ಮಾಡಂಗಿಲ್ಲ, ಆದ್ರೂ ಕೆಲವು ವಾರದಾಗ ಉರಿ ತಾನಾಗೇ ಇಳೀತು, ಗುಳಿಗಿಯಿಂದ ಆತು ಅಂತ ಅಂವ ತಿಳ್ಕೊಂಡ. ಯುಗಾದಿಗೆ ಊರಿಗೆ ಬಂದ, ಹತ್ತು ದಿನ ಇದ್ದು ಹೋದ. ಮೇ ತಿಂಗಳಿಗೆ ಹೆಂಡ್ತಿ ಬಸುರಿ ಅಂತ ಗೊತ್ತಾತು. ಎಚ್ಐವಿ ನೆಗೆಟಿವ್, ಸಿಫಿಲಿಸ್ ನೆಗೆಟಿವ್, ಬಿಳಿ ಹೋಗವಲ್ದು, ಹೊಟ್ಟಿ ನೋವಿಲ್ಲ, ತಾಯಿ ಕಾರ್ಡಿನ್ಯಾಗ ಎಲ್ಲಾ ಚಲೋ ಬರದಾರ. ಹಿಂದ ಹಿಂಗಾಗಿತ್ತು ಅಂತ ಗಂಡ ಫೋನ್‌ನ್ಯಾಗ ಬಾಯಿ ಬಿಟ್ಟದ್ದಕ್ಕ ಆಕಿ ಸ್ವ್ಯಾಬ್ ಕೊಟ್ಲು, ಎರಡೂ ಐತಿ ಅಂತ ಬಂತು. ಒಬ್ಬರಿಗೆ ಎರಡೂ ಒಟ್ಟಿಗೆ ಇರೋದು ಅಪರೂಪ ಅಲ್ಲ.

ಇಲ್ಲಿ ಆಕಿಗೆ ಗೊನೊರಿಯಾಕ್ಕ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಒಂದು, ಕ್ಲಮೈಡಿಯಾಕ್ಕ ಅಜಿಥ್ರೊಮೈಸಿನ್ 1 ಗ್ರಾಂ ಒಂದ ಸಲಕ್ಕ. ಬಸುರಿ ಅಲ್ದವ್ರಿಗೆ ಕ್ಲಮೈಡಿಯಾಕ್ಕ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕ ಎರಡು ಸಲ ಏಳು ದಿನ ಹೆಚ್ಚು ಚಲೋ, ಬಸುರಿಗೆ ಅದನ್ನ ಕೊಡಂಗಿಲ್ಲ, ಅದಕ್ಕ ಬಸುರಿ ಇರೋದು, ಯಾವ್ದರ ಔಷಧ ಒಗ್ಗದೇ ಇರೋದು ಡಾಕ್ಟರಿಗೆ ಮೊದಲ ಹೇಳಬೇಕು. ಡೋಸ್ ಬರೆಯೋದು ಡಾಕ್ಟರ್ ಕೆಲ್ಸ, ಇದನ್ನ ನೋಡಿ ಮೆಡಿಕಲ್ ಶಾಪಿಗೆ ಹೋಗಬ್ಯಾಡ್ರಿ, ಗೋವಾದಾಗ ಅಂವ ಮಾಡಿದ್ದ ಅದು.

ಗಂಡಗ ಈಗ ಉರಿ ಇಲ್ಲ, ಆದ್ರೂ ಅಂವಗೂ ಔಷಧ ಬೇಕು, ಅದೂ ಊರಿಗೆ ಬರೋ ಮೊದ್ಲ, ಗೋವಾದಾಗೇ. ಸರಕಾರಿ ಆಸ್ಪತ್ರಿಯ ಸುರಕ್ಷಾ ಕ್ಲಿನಿಕ್‌ಗೆ ಹೆಂಡ್ತಿ ರಿಪೋರ್ಟಿನ ಫೋಟೋ ತೊಗೊಂಡು ಹೋಗಬಹುದು, ಸಂಗಾತಿಗೆ ಅಂತ ಔಷಧ ಅಲ್ಲಿ ಕೊಡ್ತಾರ. ಎಲ್ಲಿ ಐತಿ ಗೊತ್ತಿಲ್ಲಂದ್ರ 1097ಕ್ಕ ಫೋನ್ ಮಾಡ್ರಿ, ರಾಷ್ಟ್ರೀಯ ಏಡ್ಸ್ ಸಹಾಯವಾಣಿ ಅದು, ಫ್ರೀ. ಕಳೆದ 60 ದಿನದಾಗ ಯಾರ್‍ಯಾರ ಜೊತಿ ಸಂಬಂಧ ಆಗೇತೋ ಅವ್ರಿಗೆಲ್ಲಾ ಹೇಳಬೇಕು, ಅದಕಿಂತ ಹಿಂದಿನದಾದ್ರ ಕೊನೆಯವ್ರಿಗೆ ಅಂತೂ. ಇಬ್ಬರ ಔಷಧ ಮುಗದು ಏಳು ದಿನ ಆಗೋತನಕ ಸಂಬಂಧ ಬ್ಯಾಡ, ಒಂದ ಡೋಸಿನ ಔಷಧ ಆದ್ರೂ ಏಳು ದಿನ. ಒಬ್ಬರು ತೊಗೊಂಡು ಇನ್ನೊಬ್ಬರು ಬಿಟ್ರ ರೋಗ ಆ ಕಡೆಯಿಂದ ಈ ಕಡೆ ಹೊಳ್ಳಿ ಬರ್ತೈತಿ, ಒಮ್ಮೆ ಬಂದು ಹೋದ್ರ ಮತ್ತ ಬರಂಗಿಲ್ಲ ಅನ್ನೋದು ಈ ರೋಗಕ್ಕ ಇಲ್ಲ.

ಇನ್ನ ಹೊಳ್ಳಿ ಟೆಸ್ಟ್ ಮಾಡಿಸೋದು. ಔಷಧ ಮುಗದ ಹತ್ತು ದಿನಕ್ಕ ಬಂದು ನೋಡ್ರಿ ಹೋಗೇತೇನು ಅಂತ ಕೇಳ್ತಾರ, ಆವಾಗ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಇನ್ನೂ ಉಳಿದಿರ್ತೈತಿ, ಸುಮ್ನ ಪಾಸಿಟಿವ್ ಬಂದು ಗಾಬರಿ ಆಗ್ತೈತಿ. ನಾಕು ವಾರಕಿಂತ ಮೊದ್ಲ ಬ್ಯಾಡ. ನಮ್ಮ ಉದಾಹರಣೆದಾಕಿ ಬಸುರಿ, ಹಂಗಾಗಿ ಆಕಿಗೆ ನಾಕು ವಾರ ಆದ ಮ್ಯಾಲೆ ಒಮ್ಮೆ, ಮೂರು ತಿಂಗಳಿಗೆ ಇನ್ನೊಮ್ಮೆ. ಬಸುರಿ ಅಲ್ದವ್ರು, ಗಂಡಸರು ಮೂರು ತಿಂಗಳಾದ ಮ್ಯಾಲೆ ಒಂದು ಸಲ ಮಾಡಿಸಿದ್ರ ಆತು, ಆ ಟೆಸ್ಟು ಔಷಧ ಕೆಲ್ಸ ಮಾಡೇತೇನು ಅಂತ ನೋಡಾಕಲ್ಲ, ಹೊಸದಾಗಿ ಮತ್ತ ಹತ್ತೇತೇನು ಅಂತ ನೋಡಾಕ. ಇಂಜೆಕ್ಷನ್ ಆದ ಮ್ಯಾಲೂ ಮೂರು ನಾಕು ದಿನಕ್ಕ ಕೀವು ನಿಂತಿಲ್ಲಂದ್ರ ಮಾತ್ರ ಅದು ಬ್ಯಾರೆ ವಿಷಯ, ಆವಾಗ ದೊಡ್ಡ ಲ್ಯಾಬಿಗೆ ಕಲ್ಚರ್ ಕಳಿಸಿ ಯಾವ ಔಷಧಕ್ಕ ಬಗ್ಗತೈತಿ ಅಂತ ನೋಡಬೇಕಾಗ್ತೈತಿ.

ಆಕಿ ಟೆಸ್ಟ್ ಮಾಡಿಸದ ಇದ್ದಿದ್ರ ಹೆರಿಗಿ ಹೊತ್ತಿನ್ಯಾಗ ಕೂಸಿಗೆ ಹತ್ತಬಹುದಿತ್ತು. ಗೊನೊರಿಯಾ ಆದ್ರ ಹುಟ್ಟಿದ ಎರಡರಿಂದ ಐದು ದಿನದಾಗ ಕೂಸಿನ ಕಣ್ಣು ಊದಿ ಕೀವು ಸುರೀತೈತಿ, ತಡಾ ಆದ್ರ ಕಣ್ಣ ಹೋಗಬಹುದು. ಕ್ಲಮೈಡಿಯಾ ಆದ್ರ ಒಂದು ಎರಡು ವಾರಕ್ಕ ಕಣ್ಣು ಕೆಂಪಾಗ್ತಾವ, ಒಂದರಿಂದ ಮೂರು ತಿಂಗಳ ಕೂಸಿಗೆ ಜ್ವರ ಇಲ್ದ ಬಿಡಿ ಬಿಡಿ ಕೆಮ್ಮು ಹಿಡದು ನ್ಯುಮೋನಿಯಾ ಆಗಬಹುದು. ಎಳೆ ಕೂಸಿನ ಕಣ್ಣಾಗ ಕೀವು ಕಂಡ್ರ ತಾಯಿ ಎದಿಹಾಲು ಬಿಡೋದು, ಎಣ್ಣಿ ಹಚ್ಚೋದು ಮಾಡ್ಕೋತ ಕುಂದ್ರಬ್ಯಾಡ್ರಿ, ಅವತ್ತಿನ ದಿನಾನ ಮಕ್ಕಳ ಡಾಕ್ಟರಿಗೆ ಒಯ್ರಿ, ಮತ್ತ ಕೂಸಿನ ತಾಯಿ ತಂದಿ ಇಬ್ಬರೂ ಅದೇ ವಾರ ಸ್ಯಾಂಪಲ್ ಕೊಡ್ರಿ.